ಉದ್ಯೋಗ ರೆಫರೆನ್ಸ್ ಪರಿಶೀಲನೆ

ಉದ್ಯೋಗ ರೆಫರೆನ್ಸ್ ಪರಿಶೀಲನೆ ಎಂದರೆ ಒಂದು ಹುದ್ದೆಗೆ ಅರ್ಜಿ ಸಲ್ಲಿಸಿದ ವ್ಯಕ್ತಿಯ ಹಿಂದಿನ ಕೆಲಸದ ಬಗ್ಗೆ, ಆ ಕೆಲಸವನ್ನು ಹತ್ತಿರದಿಂದ ಕಂಡವರನ್ನು ಕೇಳಿ ತಿಳಿದುಕೊಳ್ಳುವ ಕ್ರಮ. ಸಾಮಾನ್ಯವಾಗಿ ಇದು ಸಂದರ್ಶನ ಮುಗಿದ ನಂತರ, ನೇಮಕಾತಿ ಪತ್ರ ನೀಡುವ ಮೊದಲು ದೂರವಾಣಿಯ ಮೂಲಕ ನಡೆಯುತ್ತದೆ. ಪದವಿ ಪ್ರಮಾಣಪತ್ರ, ವಿಳಾಸ, ಪೊಲೀಸ್ ದಾಖಲೆ ಮೊದಲಾದವುಗಳನ್ನು ನೋಡುವ ಹಿನ್ನೆಲೆ ಪರಿಶೀಲನೆಗಿಂತ ಇದು ಭಿನ್ನವಾದುದು. ದಾಖಲೆಗಳು ಒಬ್ಬರು ಎಲ್ಲಿ, ಯಾವಾಗ ಇದ್ದರು ಎಂಬುದನ್ನು ತಿಳಿಸುತ್ತವೆ. ಅವರು ಹೇಗೆ ಕೆಲಸ ಮಾಡಿದರು ಎಂಬುದನ್ನು ಜೊತೆಗಿದ್ದವರು ಮಾತ್ರ ಹೇಳಬಲ್ಲರು. ಹೀಗೆ ಹೇಳುವ ವ್ಯಕ್ತಿಯನ್ನು ಈ ಲೇಖನದಲ್ಲಿ 'ಮಾಹಿತಿದಾರ' ಎಂದು ಕರೆಯಲಾಗಿದೆ.

ಮಾಹಿತಿದಾರರು ಬಹಳಷ್ಟು ಸಲ ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ. ಅಳೆದು ತೂಗಿ ನೀಡಿದ ಉತ್ತರದ ಹಿಂದೆ ಅಭ್ಯರ್ಥಿಯ ದೋಷವೇ ಇರಬೇಕೆಂದಿಲ್ಲ; ಸಂಸ್ಥೆಯ ನಿಯಮ, ಕಾನೂನಿನ ಭಯ ಅಥವಾ ಕೇವಲ ಮರೆವು ಇರಬಹುದು. ಇವುಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದೇ ಪರಿಶೀಲನೆಯ ಕಷ್ಟದ ಭಾಗ.

## ಎಚ್ಚರಿಕೆಯ ಮಾತಿಗೆ ಕಾರಣಗಳು

ಹಿಂದಿನ ಉದ್ಯೋಗದಾತರು ಎರಡು ಬದಿಯಿಂದಲೂ ಸಿಕ್ಕಿಬೀಳುವ ಸಾಧ್ಯತೆ ಇದೆ. ಕೆಟ್ಟದ್ದನ್ನು ಹೇಳಿದರೆ ಮಾಜಿ ನೌಕರ ಮೊಕದ್ದಮೆ ಹೂಡಬಹುದು. ಗೊತ್ತಿದ್ದ ಕೆಟ್ಟದ್ದನ್ನು ಮುಚ್ಚಿಟ್ಟು ಹೊಗಳಿದರೆ ಅದರಿಂದ ತೊಂದರೆಗೊಳಗಾದ ಮೂರನೆಯವರು ಹೂಡಬಹುದು.

ಮೊದಲನೆಯದಕ್ಕೆ ಪ್ರಸಿದ್ಧ ನಿದರ್ಶನ ಇಂಗ್ಲೆಂಡಿನ ಸ್ಪ್ರಿಂಗ್ ವಿರುದ್ಧ ಗಾರ್ಡಿಯನ್ ಅಶ್ಯೂರೆನ್ಸ್ ಪ್ರಕರಣ. ವಿಮೆ ಮಾರಾಟ ಮಾಡುತ್ತಿದ್ದ ವ್ಯಕ್ತಿಯೊಬ್ಬರ ಬಗ್ಗೆ ಹಿಂದಿನ ಸಂಸ್ಥೆ ಬರೆದ ರೆಫರೆನ್ಸ್ ಅವರ ಪ್ರಾಮಾಣಿಕತೆಯನ್ನೇ ಅಲ್ಲಗಳೆದಿತ್ತು. ಅದರಿಂದ ಅವರಿಗೆ ಬೇರೆಡೆ ಕೆಲಸ ಸಿಗಲಿಲ್ಲ. ರೆಫರೆನ್ಸ್ ಬರೆಯುವ ಉದ್ಯೋಗದಾತನು ಮಾಜಿ ನೌಕರನ ವಿಷಯದಲ್ಲಿ ತಕ್ಕ ಎಚ್ಚರಿಕೆ ವಹಿಸುವ ಹೊಣೆ ಹೊಂದಿದ್ದಾನೆ ಎಂದು ಹೌಸ್ ಆಫ್ ಲಾರ್ಡ್ಸ್ 1994ರಲ್ಲಿ ತೀರ್ಪು ನೀಡಿತು. ಎರಡನೆಯದಕ್ಕೆ ನಿದರ್ಶನ 1997ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ರ‍್ಯಾಂಡಿ ಡಬ್ಲ್ಯು. ಪ್ರಕರಣ. ಶಾಲಾ ಅಧಿಕಾರಿಯೊಬ್ಬರ ಮೇಲೆ ವಿದ್ಯಾರ್ಥಿನಿಯರೊಂದಿಗಿನ ವರ್ತನೆಯ ಬಗ್ಗೆ ದೂರುಗಳಿದ್ದುದು ತಿಳಿದಿದ್ದರೂ ಹಿಂದಿನ ಶಾಲಾ ಮಂಡಳಿಗಳು ಯಾವ ಷರತ್ತೂ ಇಲ್ಲದ ಪ್ರಶಂಸೆಯ ಪತ್ರಗಳನ್ನು ಬರೆದುಕೊಟ್ಟಿದ್ದವು ಎಂಬುದು ಅಲ್ಲಿನ ಆರೋಪ. ಅವರು ಹೊಸ ಶಾಲೆಯಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ದೌರ್ಜನ್ಯ ಎಸಗಿದರೆಂದು ದಾವೆ ಹೂಡಲಾಗಿತ್ತು. ಅರ್ಧ ಸತ್ಯವನ್ನು ಮಾತ್ರ ಹೇಳಿ ದಾರಿ ತಪ್ಪಿಸುವ ಪ್ರಶಂಸಾಪತ್ರ, ದೈಹಿಕ ಹಾನಿಯ ಅಪಾಯ ಮುಂಗಾಣಬಹುದಾಗಿದ್ದಲ್ಲಿ, ಬರೆದವರನ್ನು ಹೊಣೆಗಾರರನ್ನಾಗಿಸಬಲ್ಲದು ಎಂದು ನ್ಯಾಯಾಲಯ ಹೇಳಿತು.

ಭಾರತದಲ್ಲಿ ಮಾಹಿತಿದಾರರು ಹೆಚ್ಚಾಗಿ ಹೆದರುವುದು ಮಾನಹಾನಿ ಮೊಕದ್ದಮೆಗೆ. ಭಾರತೀಯ ದಂಡ ಸಂಹಿತೆಯ 499ನೆಯ ಕಲಂನಲ್ಲಿದ್ದ ವ್ಯಾಖ್ಯೆ ಮತ್ತು ವಿನಾಯಿತಿಗಳು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂನಲ್ಲಿ ಮುಂದುವರಿದಿವೆ. ತನ್ನ ಅಥವಾ ಇನ್ನೊಬ್ಬರ ಹಿತರಕ್ಷಣೆಗಾಗಿ ಸದ್ಭಾವನೆಯಿಂದ ಹೇಳಿದ ಮಾತು ಮಾನಹಾನಿಯಲ್ಲ ಎಂಬುದು ಆ ವಿನಾಯಿತಿಗಳಲ್ಲೊಂದು. ಇಲ್ಲಿ ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸು ಇದ್ದರಷ್ಟೇ ಸಾಲದು. ಮಾತು ತಕ್ಕ ಎಚ್ಚರದಿಂದ, ವಿಚಾರಿಸಿ ಆಡಿದ್ದಾಗಿರಬೇಕು. ಆದುದರಿಂದ ಹಿಂದಿನ ಸಂಸ್ಥೆಯ ಮೇಲ್ವಿಚಾರಕರು ತಾವು ಕಂಡದ್ದನ್ನು ಕಂಡಂತೆ, ಕೇಳಿದವರಿಗೆ ಮಾತ್ರ ತಿಳಿಸಿದರೆ ಕಾನೂನಿನ ಆಸರೆ ಇದ್ದೇ ಇದೆ. ಆದರೂ ಮೊಕದ್ದಮೆಯಲ್ಲಿ ಗೆಲ್ಲುವುದಕ್ಕಿಂತ ಮೊಕದ್ದಮೆಯೇ ಬಾರದಿರುವುದು ಲೇಸೆಂದು ಅನೇಕ ದೊಡ್ಡ ಸಂಸ್ಥೆಗಳು ಸೇರಿದ ದಿನಾಂಕ, ಬಿಟ್ಟ ದಿನಾಂಕ ಮತ್ತು ಹುದ್ದೆಯ ಹೆಸರು ಇವಿಷ್ಟನ್ನೇ ತಿಳಿಸುವ ನಿಯಮ ಮಾಡಿಕೊಂಡಿವೆ.

## ಕರೆಗೆ ಮುನ್ನ

ಅಭ್ಯರ್ಥಿಯಿಂದ ಲಿಖಿತ ಒಪ್ಪಿಗೆ ಪಡೆಯುವುದು ಮೊದಲ ಹೆಜ್ಜೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಂತರ ಇದು ಇನ್ನೂ ಅಗತ್ಯವೆನಿಸಿದೆ. ಒಪ್ಪಿಗೆಯ ಪ್ರತಿ ಕೈಯಲ್ಲಿದ್ದರೆ ಮಾಹಿತಿದಾರರೂ ಸ್ವಲ್ಪ ಧೈರ್ಯದಿಂದ ಮಾತನಾಡುತ್ತಾರೆ. ಅಭ್ಯರ್ಥಿ ಸದ್ಯ ಕೆಲಸದಲ್ಲಿರುವ ಸಂಸ್ಥೆಗೆ ಮಾತ್ರ, ಅವರೇ ಅನುಮತಿಸುವ ತನಕ ಕರೆ ಮಾಡಬಾರದು; ಕೆಲಸ ಹುಡುಕುತ್ತಿದ್ದಾರೆಂಬ ಸುದ್ದಿ ತಲುಪಿದರೆ ಹೊಸ ಕೆಲಸ ಸಿಗುವ ಮೊದಲೇ ಹಳೆಯದು ಕೈತಪ್ಪಬಹುದು.

ಯಾರನ್ನು ಕೇಳಬೇಕು ಎಂಬುದು ಏನನ್ನು ಕೇಳಬೇಕು ಎಂಬುದಕ್ಕಿಂತ ಮುಖ್ಯ. ಮಾನವ ಸಂಪನ್ಮೂಲ ವಿಭಾಗದ ಬಳಿ ಕಡತವಿರುತ್ತದೆ, ಕೆಲಸದ ನೆನಪಿರುವುದಿಲ್ಲ. ನೇರ ಮೇಲ್ವಿಚಾರಕರ ಬಳಿ ಆ ನೆನಪಿರುತ್ತದೆ. ಅಭ್ಯರ್ಥಿ ಕೊಟ್ಟ ಮೊಬೈಲ್ ಸಂಖ್ಯೆ ಮೇಲ್ವಿಚಾರಕರದ್ದೇ ಎಂಬುದಕ್ಕೆ ಆಧಾರವಿಲ್ಲ. ಗೆಳೆಯನೊಬ್ಬ 'ಮ್ಯಾನೇಜರ್' ಆಗಿ ಉತ್ತರಿಸುವುದುಂಟು. ಸಂಸ್ಥೆಯ ಸಾರ್ವಜನಿಕ ಸಂಖ್ಯೆಗೆ ಕರೆ ಮಾಡಿ ಅಲ್ಲಿಂದ ಆ ವ್ಯಕ್ತಿಯನ್ನು ತಲುಪುವುದು ಇದಕ್ಕೆ ಸರಳ ಪರಿಹಾರ.

ಅಭ್ಯರ್ಥಿ ತಂದ ಪ್ರಶಂಸಾಪತ್ರಕ್ಕೆ ಹೆಚ್ಚು ತೂಕ ಕೊಡಲಾಗದು. ನಮ್ಮ ಕಚೇರಿಗಳಲ್ಲಿ 'ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ' ಎನ್ನುವ ವಾಡಿಕೆ ಇರುವುದರಿಂದ ಅಂತಹ ಪತ್ರ ಎಷ್ಟೋ ಸಲ ಅಭ್ಯರ್ಥಿಯದೇ ಕೈಬರಹದ ಸಂತಾನ. ದಿನಾಂಕಗಳಿಗೆ ನೌಕರರ ಭವಿಷ್ಯ ನಿಧಿಯ ಸೇವಾ ವಿವರ ಉತ್ತಮ ಆಧಾರ. ಅಭ್ಯರ್ಥಿಯೇ ತಮ್ಮ ಖಾತೆಯಿಂದ ಅದನ್ನು ತೆಗೆದು ತೋರಿಸಬಹುದು. ಆದರೆ ಸಾಮಾನ್ಯವಾಗಿ 20ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಆ ಕಾಯ್ದೆ ಕಡ್ಡಾಯವಲ್ಲದ ಕಾರಣ, ಅಂಗಡಿ ಅಥವಾ ಸಣ್ಣ ಕಚೇರಿಯಲ್ಲಿ ದುಡಿದವರ ಹೆಸರು ಅಲ್ಲಿ ಕಾಣದಿದ್ದರೆ ಅದನ್ನು ಸುಳ್ಳಿಗೆ ಸಾಕ್ಷಿ ಎಂದು ತಿಳಿಯಬಾರದು.

## ಪ್ರಶ್ನೆಗಳು

ಪ್ರಶ್ನೆಯೊಳಗೆ ಉತ್ತರವನ್ನು ಇಟ್ಟು ಕೇಳುವುದು ಅತ್ಯಂತ ಸಾಮಾನ್ಯವಾದ ತಪ್ಪು. 'ಅವರು ನಿಮ್ಮಲ್ಲಿ ನಾಲ್ಕು ವರ್ಷ ಹಿರಿಯ ಲೆಕ್ಕಿಗರಾಗಿದ್ದರಂತೆ, ಒಳ್ಳೆಯ ಕೆಲಸಗಾರರಲ್ಲವೇ?' ಎಂದು ಕೇಳಿದರೆ 'ಹೌದು' ಎನ್ನುವುದು ಸೌಜನ್ಯ. ಬದಲಿಗೆ 'ಅವರು ನಿಮ್ಮಲ್ಲಿ ಯಾವ ಕೆಲಸ ನೋಡಿಕೊಳ್ಳುತ್ತಿದ್ದರು?' ಎಂದು ಕೇಳಿ ಸುಮ್ಮನಿರಬೇಕು. ಸ್ವವಿವರದಲ್ಲಿ ಬರೆದದ್ದನ್ನು ಓದಿ ಹೇಳದೆ, ಬಂದ ಉತ್ತರವನ್ನು ಅದರೊಂದಿಗೆ ಹೋಲಿಸಬೇಕು.

ಗುಣವಾಚಕಗಳಿಗಿಂತ ಘಟನೆಗಳನ್ನು ಕೇಳುವುದು ಫಲಕಾರಿ. 'ಪ್ರಾಮಾಣಿಕರೇ?' ಎಂಬ ಪ್ರಶ್ನೆಗೆ ಬರುವ 'ಹೌದು' ಏನನ್ನೂ ತಿಳಿಸುವುದಿಲ್ಲ. 'ದಿನದ ಕೊನೆಯಲ್ಲಿ ನಗದು ಎಣಿಸಿ ತಾಳೆ ನೋಡುತ್ತಿದ್ದವರು ಯಾರು? ತಾಳೆಯಾಗದ ದಿನ ಇವರು ಏನು ಮಾಡುತ್ತಿದ್ದರು?' ಎಂಬ ಪ್ರಶ್ನೆಗೆ, ನಿಜಕ್ಕೂ ಜೊತೆಗಿದ್ದವರು ಮಾತ್ರ ವಿವರವಾಗಿ ಉತ್ತರಿಸಬಲ್ಲರು. ಮಾಹಿತಿದಾರರ ಪಾತ್ರವೂ ಇದರಿಂದ ಸ್ಪಷ್ಟವಾಗುತ್ತದೆ: ಅವರು ಕಂಡು ಹೇಳುತ್ತಿದ್ದಾರೋ ಕೇಳಿ ಹೇಳುತ್ತಿದ್ದಾರೋ ಎಂಬುದು ಎರಡನೆಯ ವಾಕ್ಯದಲ್ಲೇ ತಿಳಿಯುತ್ತದೆ.

ದೋಷವನ್ನು ನೇರವಾಗಿ ಕೇಳಿದರೆ ಹೆಚ್ಚಿನವರು ಹಿಂಜರಿಯುತ್ತಾರೆ. 'ಅವರಿಂದ ಉತ್ತಮ ಕೆಲಸ ತೆಗೆಯಲು ಹೊಸ ಮೇಲಧಿಕಾರಿ ಯಾವುದರಲ್ಲಿ ಜೊತೆಗೆ ನಿಲ್ಲಬೇಕಾಗುತ್ತದೆ?' ಎಂದು ಕೇಳಿದಾಗ ಅದೇ ವಿಷಯ ಸಲಹೆಯ ರೂಪದಲ್ಲಿ ಹೊರಬರುತ್ತದೆ. ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: 'ಅದೇ ಹುದ್ದೆ ನಾಳೆ ಖಾಲಿಯಾದರೆ ಅವರನ್ನೇ ಮತ್ತೆ ತೆಗೆದುಕೊಳ್ಳುವಿರಾ?' ಇಲ್ಲಿ ಉತ್ತರದಷ್ಟೇ ಅದು ಬಂದ ಬಗೆಯೂ ಗಮನಾರ್ಹ. ಆದರೆ ಕೆಲವು ಸಂಸ್ಥೆಗಳಲ್ಲಿ ಬಿಟ್ಟುಹೋದವರನ್ನು ಯಾರನ್ನೂ ಮರಳಿ ಸೇರಿಸಿಕೊಳ್ಳದ ನಿಯಮವಿರುತ್ತದೆ. ಹಾಗಾಗಿ 'ಇಲ್ಲ' ಎಂದರೆ 'ಅದು ನಿಮ್ಮ ಸಂಸ್ಥೆಯ ನಿಯಮವೋ, ನಿಮ್ಮ ಅಭಿಪ್ರಾಯವೋ?' ಎಂದು ಕೇಳದೆ ಫೋನ್ ಇಡಬಾರದು.

ಜಾತಿ, ಧರ್ಮ, ಮದುವೆ, ಗರ್ಭಧಾರಣೆ, ಕಾರ್ಮಿಕ ಸಂಘದ ಸದಸ್ಯತ್ವ ಇವು ಕೇಳುವ ವಿಷಯಗಳಲ್ಲ. ಮಾಹಿತಿದಾರರು ತಾವಾಗಿಯೇ ಹೇಳಿದರೂ ಬರೆದುಕೊಳ್ಳಬಾರದು. ಒಂದೇ ಹುದ್ದೆಯ ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದರೆ ಹೋಲಿಕೆ ಸಾಧ್ಯವಾಗುತ್ತದೆ.

## ಎಚ್ಚರಿಕೆಯ ಉತ್ತರಗಳನ್ನು ಓದುವುದು

'ನಾವು ದಿನಾಂಕಗಳನ್ನು ಮಾತ್ರ ಖಚಿತಪಡಿಸುತ್ತೇವೆ' ಎಂಬ ಉತ್ತರ ಬಂದಾಗ ಕೇಳಬೇಕಾದದ್ದು 'ಎಲ್ಲ ಮಾಜಿ ನೌಕರರ ವಿಷಯದಲ್ಲೂ ಹೀಗೆಯೇ?' ಎಂದು. 'ಹೌದು, ಎಲ್ಲರಿಗೂ' ಎಂದರೆ ಆ ಮೌನಕ್ಕೆ ಅರ್ಥವಿಲ್ಲ. ಅಭ್ಯರ್ಥಿಯ ಪರವಾಗಿಯೂ ಅಲ್ಲ, ವಿರುದ್ಧವಾಗಿಯೂ ಅಲ್ಲ. ಆಗ ಬೇರೊಬ್ಬ ಮಾಹಿತಿದಾರರನ್ನು, ಉದಾಹರಣೆಗೆ ಆ ಸಂಸ್ಥೆಯನ್ನು ಬಿಟ್ಟ ಹಳೆಯ ಮೇಲ್ವಿಚಾರಕರನ್ನು, ಸೂಚಿಸುವಂತೆ ಅಭ್ಯರ್ಥಿಯನ್ನೇ ಕೋರುವುದು ಉಚಿತ. ನಿಯಮದ ಮೌನವನ್ನು ಆರೋಪವೆಂದು ಓದಿ ಒಳ್ಳೆಯ ಅಭ್ಯರ್ಥಿಗಳನ್ನು ಕೈಬಿಡುವುದು ಈ ಕೆಲಸದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು.

ಅರ್ಥವಿರುವುದು ಮಾತಿನ ಮಟ್ಟ ಬದಲಾಗುವ ಕಡೆ. ಒಬ್ಬ ಮಾಹಿತಿದಾರರು ತೆರಿಗೆ ಲೆಕ್ಕ, ಕಡತದ ವ್ಯವಸ್ಥೆ, ಸಮಯಪಾಲನೆಗಳ ಬಗ್ಗೆ ಉದಾಹರಣೆ ಸಹಿತ ಮಾತನಾಡಿ, ಸಹೋದ್ಯೋಗಿಗಳೊಂದಿಗಿನ ನಡವಳಿಕೆಯ ಪ್ರಶ್ನೆ ಬಂದೊಡನೆ 'ಪರವಾಗಿಲ್ಲ' ಎಂಬ ಒಂದೇ ಪದಕ್ಕೆ ಇಳಿದರೆ, ಆ ಇಳಿತ ಗಮನಿಸತಕ್ಕದ್ದು. ಮೊದಲಿನಿಂದಲೂ ಒಂದೊಂದೇ ಪದದಲ್ಲಿ ಉತ್ತರಿಸುವವರ 'ಪರವಾಗಿಲ್ಲ' ಅವರ ಸ್ವಭಾವ ಮಾತ್ರ. ಹೀಗಾಗಿ ಕರೆಯ ಆರಂಭದಲ್ಲಿ ಯಾವ ತೊಡಕೂ ಇಲ್ಲದ ಎರಡು ಪ್ರಶ್ನೆಗಳನ್ನು ಕೇಳಿ, ಆ ವ್ಯಕ್ತಿ ಸಹಜವಾಗಿ ಎಷ್ಟು ಮಾತನಾಡುತ್ತಾರೆ ಎಂಬುದನ್ನು ಮನಸ್ಸಿನಲ್ಲಿ ಅಳೆದಿಟ್ಟುಕೊಳ್ಳಬೇಕು.

ಕನ್ನಡದ ಮಾತಿನಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ವಿಷಯಾಂತರದ ಹೊಗಳಿಕೆ. 'ಒಳ್ಳೆ ಮನೆತನದ ಹುಡುಗ, ಅವರ ತಂದೆಯವರನ್ನು ನಾನು ಬಲ್ಲೆ' ಎಂಬುದು ಕೆಲಸದ ಬಗೆಗಿನ ಮಾತಲ್ಲ. ಅದರಲ್ಲಿ ದುರುದ್ದೇಶ ಇಲ್ಲದಿರಬಹುದು. ಹೇಳಲು ಬೇರೇನೂ ಇಲ್ಲದಿರಬಹುದು. 'ನಮ್ಮಲ್ಲಿ ಇದ್ದಷ್ಟು ದಿನ ತೊಂದರೆ ಇರಲಿಲ್ಲ', 'ಹೇಳಿದ್ದನ್ನು ಮಾಡುತ್ತಿದ್ದರು' ಎಂಬ ಮಾತುಗಳೂ ಇದೇ ಸಾಲಿಗೆ ಸೇರುತ್ತವೆ. ಇವುಗಳ ಅರ್ಥವನ್ನು ಊಹಿಸುವ ಬದಲು, 'ಹೇಳದಿದ್ದರೂ ಮಾಡಿದ ಒಂದು ಕೆಲಸ ನೆನಪಾಗುತ್ತದೆಯೇ?' ಎಂಬಂತಹ ಇನ್ನೊಂದು ಪ್ರಶ್ನೆಯಿಂದ ಅರ್ಥವನ್ನು ಹೊರತೆಗೆಯಬೇಕು.

ಉತ್ತರಕ್ಕೆ ಮೊದಲು ಬಂದ ವಿರಾಮದಿಂದ ದೊಡ್ಡ ತೀರ್ಮಾನಕ್ಕೆ ಬರುವವರಿದ್ದಾರೆ. ಮೊಬೈಲ್ ಜಾಲ ತಡವರಿಸಿದರೂ, ಎದುರಿಗೆ ಗಿರಾಕಿ ನಿಂತಿದ್ದರೂ ವಿರಾಮ ಬರುತ್ತದೆ. ಆದುದರಿಂದ ಟಿಪ್ಪಣಿಯಲ್ಲಿ ಮಾಹಿತಿದಾರರ ಮಾತನ್ನು ಅವರ ಪದಗಳಲ್ಲೇ ಒಂದು ಕಡೆ, ಕೇಳಿದವರಿಗೆ ಅನಿಸಿದ್ದನ್ನು ಇನ್ನೊಂದು ಕಡೆ ಬರೆಯುವುದು ಒಳ್ಳೆಯ ಪದ್ಧತಿ. ಸಂಜೆಯ ಹೊತ್ತಿಗೆ ಇವೆರಡೂ ನೆನಪಿನಲ್ಲಿ ಕಲಸಿಹೋಗುತ್ತವೆ.

### ಒಂದು ಕಾಲ್ಪನಿಕ ಉದಾಹರಣೆ

ತಾಲ್ಲೂಕು ಕೇಂದ್ರವೊಂದರ ಖಾಸಗಿ ಪ್ರೌಢಶಾಲೆಗೆ ಶುಲ್ಕ ಸ್ವೀಕರಿಸುವ ಗುಮಾಸ್ತರು ಬೇಕಾಗಿದ್ದಾರೆ ಎಂದಿಟ್ಟುಕೊಳ್ಳೋಣ. ಆಯ್ಕೆಯ ಹಂತ ತಲುಪಿದ ಅಭ್ಯರ್ಥಿ ನಾಲ್ಕು ವರ್ಷ ಅಡಿಕೆ ಮಂಡಿಯೊಂದರಲ್ಲಿ, ಅನಂತರ ಎರಡು ವರ್ಷ ನರ್ಸಿಂಗ್ ಹೋಮ್ ಒಂದರ ನಗದು ಕೌಂಟರಿನಲ್ಲಿ ಕೆಲಸ ಮಾಡಿದ್ದಾರೆ, ಸದ್ಯ ಕೆಲಸದಲ್ಲಿಲ್ಲ.

ಶಾಲೆಯ ಕಾರ್ಯದರ್ಶಿ ಮೊದಲು ಮಂಡಿಯ ಮಾಲೀಕರಿಗೆ ಕರೆ ಮಾಡುತ್ತಾರೆ. 'ಬಂಗಾರದಂಥ ಹುಡುಗ ಸರ್, ಕಣ್ಣು ಮುಚ್ಚಿ ತಗೊಳ್ಳಿ' ಎಂಬ ಉತ್ತರ ಬರುತ್ತದೆ. ನಗದು ಯಾರ ಕೈಯಲ್ಲಿತ್ತು ಎಂದು ಕೇಳಿದಾಗ 'ಕ್ಯಾಶ್ ನಾನೇ ನೋಡ್ಕೊಳ್ತಿದ್ದೆ, ಅವರು ತೂಕದ ಚೀಟಿ ಬರೀತಿದ್ರು' ಎನ್ನುತ್ತಾರೆ. ಹೊಗಳಿಕೆ ನಿಜವೇ ಇರಬಹುದು. ಆದರೆ ಶಾಲೆಗೆ ಬೇಕಾದ ಕೆಲಸದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ನರ್ಸಿಂಗ್ ಹೋಮಿನ ವ್ಯವಸ್ಥಾಪಕರು ಸೇರಿದ ಮತ್ತು ಬಿಟ್ಟ ತಿಂಗಳುಗಳನ್ನು ಹೇಳಿ ನಿಲ್ಲಿಸುತ್ತಾರೆ. ಎಲ್ಲರಿಗೂ ಇದೇ ನಿಯಮವೇ ಎಂದು ಕೇಳಿದರೆ, 'ಹಾಗೇನಿಲ್ಲ. ಇವರ ವಿಷಯದಲ್ಲಿ ಇಷ್ಟೇ ಹೇಳೋಕಾಗೋದು' ಎನ್ನುತ್ತಾರೆ. ಇದು ನಿಯಮದ ಮೌನವಲ್ಲ. ಅವಸರದವರು ಇಲ್ಲಿಗೇ ಅರ್ಜಿಯನ್ನು ಬದಿಗಿಡುತ್ತಿದ್ದರು. ಕಾರ್ಯದರ್ಶಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ: 'ನಾನು ಅವರನ್ನೇ ಕೇಳಬೇಕಾದದ್ದು ಏನಾದರೂ ಇದೆಯೇ?' ಸ್ವಲ್ಪ ತಡೆದು ಉತ್ತರ ಬರುತ್ತದೆ: 'ಯಾಕೆ ಬಿಟ್ಟರು ಅಂತ ಕೇಳಿ. ಹೇಳ್ತಾರೆ.'

ಮರುದಿನ ಅಭ್ಯರ್ಥಿಯನ್ನು ಕರೆಸಿ, ಮಾಹಿತಿದಾರರ ಮಾತನ್ನು ಉದ್ಧರಿಸದೆ, ಕೆಲಸ ಬಿಟ್ಟ ಸಂದರ್ಭವನ್ನು ವಿವರಿಸಲು ಕೇಳಲಾಗುತ್ತದೆ. ಒಂದು ರಾತ್ರಿ ನಗದಿನಲ್ಲಿ 18,000 ರೂಪಾಯಿ ಕಡಿಮೆ ಬಂದಿತ್ತು. ಎರಡು ಪಾಳಿಯವರಿಗೂ ಒಂದೇ ಪೆಟ್ಟಿಗೆ, ಒಂದೇ ಬೀಗದ ಕೈ ಇತ್ತು. ಇಬ್ಬರ ಸಂಬಳದಿಂದಲೂ ಅರ್ಧರ್ಧ ಮುರಿದುಕೊಂಡಾಗ ತಾವು ರಾಜೀನಾಮೆ ಕೊಟ್ಟೆ ಎಂದು ಅವರು ಹೇಳುತ್ತಾರೆ. ಘಟನೆಗೆ ಎರಡು ತಿಂಗಳ ಮೊದಲೇ ಪ್ರತ್ಯೇಕ ಪೆಟ್ಟಿಗೆ ಬೇಕೆಂದು ಕಳುಹಿಸಿದ್ದ ಇಮೇಲನ್ನು ತೋರಿಸುತ್ತಾರೆ. ಅಲ್ಲಿಂದ ನಿವೃತ್ತರಾದ ಲೆಕ್ಕಾಧಿಕಾರಿಯೊಬ್ಬರ ಹೆಸರನ್ನೂ ಸೂಚಿಸುತ್ತಾರೆ. ಅವರಿಗೆ ಕರೆ ಮಾಡಿದ ಕಾರ್ಯದರ್ಶಿ ಕೊರತೆಯ ವಿಷಯವನ್ನು ಎತ್ತದೆ, 'ಅಲ್ಲಿ ಕೌಂಟರಿನ ನಗದು ಒಬ್ಬರಿಂದ ಒಬ್ಬರಿಗೆ ಹೇಗೆ ಹಸ್ತಾಂತರವಾಗುತ್ತಿತ್ತು?' ಎಂದಷ್ಟೇ ಕೇಳುತ್ತಾರೆ. ಎಣಿಸದೆ ಹಸ್ತಾಂತರವಾಗುತ್ತಿತ್ತು, ಅದಕ್ಕೆ ತಕರಾರು ಮಾಡುತ್ತಿದ್ದವರು ಇವರೊಬ್ಬರೇ ಎಂದು ಅವರು ತಾವಾಗಿಯೇ ಹೇಳುತ್ತಾರೆ.

ಹಣ ಯಾರ ಕೈ ಸೇರಿತು ಎಂಬುದು ಇದರಿಂದ ಇತ್ಯರ್ಥವಾಗಲಿಲ್ಲ. ಅದನ್ನು ಇತ್ಯರ್ಥ ಮಾಡುವುದು ಶಾಲೆಯ ಕೆಲಸವೂ ಅಲ್ಲ. ಆದರೆ ಅಭ್ಯರ್ಥಿ ಮುಚ್ಚಿಡಲಿಲ್ಲ, ಅವರ ಹೇಳಿಕೆ ಘಟನೆಗೆ ಮೊದಲಿನ ಬರಹದೊಂದಿಗೂ ಸ್ವತಂತ್ರ ಸಾಕ್ಷಿಯೊಂದಿಗೂ ಹೊಂದಿತು. ಶಾಲೆ ಅವರನ್ನು ಆರು ತಿಂಗಳ ಪರೀಕ್ಷಾವಧಿಗೆ ನೇಮಿಸಿ, ನಗದು ಪೆಟ್ಟಿಗೆಯನ್ನು ಒಬ್ಬರ ವಶದಲ್ಲೇ ಇರಿಸಿ, ಪ್ರತಿದಿನ ಸಂಜೆ ರಸೀದಿ ಪುಸ್ತಕದೊಂದಿಗೆ ತಾಳೆ ನೋಡಿ ಸಹಿ ಹಾಕುವ ಕ್ರಮವನ್ನು ಜಾರಿಗೆ ತರುತ್ತದೆ. ಹುರುಪಿನ ಹೊಗಳಿಕೆಯಿಂದ ಸಿಗದ ಮಾಹಿತಿ ಇಲ್ಲಿ ಸಿಕ್ಕಿದ್ದು ಹಿಂಜರಿಕೆಯ ಉತ್ತರದಿಂದ.

## ಜರ್ಮನಿಯ ಸೇವಾಪತ್ರಗಳು

ಎಚ್ಚರಿಕೆಯ ಮಾತು ಒಂದು ಭಾಷೆಯಾಗಿಯೇ ಬೆಳೆದಿರುವುದು ಜರ್ಮನಿಯಲ್ಲಿ. ಕೆಲಸ ಬಿಡುವ ನೌಕರನಿಗೆ ಲಿಖಿತ ಸೇವಾಪತ್ರ ಪಡೆಯುವ ಹಕ್ಕನ್ನು ಅಲ್ಲಿನ ಉದ್ಯಮ ಸಂಹಿತೆಯ 109ನೆಯ ಕಲಂ ನೀಡಿದೆ. ಪತ್ರ ಸತ್ಯವಾಗಿರಬೇಕು, ಜೊತೆಗೆ ನೌಕರನ ಮುಂದಿನ ಬದುಕಿಗೆ ಅನಗತ್ಯ ಅಡ್ಡಿಯಾಗಬಾರದು. ಈ ಇಕ್ಕಟ್ಟಿನಿಂದ ಒಂದು ಶ್ರೇಣಿ ಹುಟ್ಟಿಕೊಂಡಿತು. 'ಸದಾ ನಮ್ಮ ಅತ್ಯಂತ ಪೂರ್ಣ ತೃಪ್ತಿಗೆ' ಕೆಲಸ ಮಾಡಿದರು ಎಂದರೆ ಅತ್ಯುತ್ತಮ; 'ಸದಾ ನಮ್ಮ ಪೂರ್ಣ ತೃಪ್ತಿಗೆ' ಎಂದರೆ ಉತ್ತಮ; 'ಸದಾ' ಬಿಟ್ಟುಹೋಗಿ 'ನಮ್ಮ ಪೂರ್ಣ ತೃಪ್ತಿಗೆ' ಎಂದಷ್ಟೇ ಇದ್ದರೆ ಸಾಧಾರಣ; ಕೇವಲ 'ನಮ್ಮ ತೃಪ್ತಿಗೆ' ಎಂದರೆ ಅದಕ್ಕೂ ಕೆಳಗೆ. 'ಪ್ರಯತ್ನಪಟ್ಟರು' ಎಂದು ಬರೆದಿದ್ದರೆ ಅದು ಸೋಲಿನ ಸೂಚನೆ. ಬರೆದದ್ದಕ್ಕಿಂತ ಬೇರೆ ಅರ್ಥ ತಲುಪಿಸುವ ಗುರುತು ಅಥವಾ ಒಕ್ಕಣೆಯನ್ನು ಅದೇ ಕಲಂ ನಿಷೇಧಿಸಿದ್ದರೂ ಈ ಶ್ರೇಣಿ ಬಳಕೆಯಲ್ಲಿ ಉಳಿದಿದೆ. ಜರ್ಮನಿಯಿಂದ ಮರಳಿದವರ ಪತ್ರವನ್ನು ಬೆಂಗಳೂರಿನಲ್ಲಿ ಅನುವಾದದ ಮೂಲಕ ಓದುವಾಗ ಆ 'ಸದಾ' ಎಂಬ ಪದ ಅಲಂಕಾರವೆಂದು ಕಂಡು ಬಿಟ್ಟುಹೋದರೆ ಅರ್ಥವೇ ಬದಲಾಗುತ್ತದೆ. ಕನ್ನಡದಲ್ಲಾಗಲಿ ಭಾರತದ ಇಂಗ್ಲಿಷ್ ಸೇವಾಪತ್ರಗಳಲ್ಲಾಗಲಿ ಇಂತಹ ಒಪ್ಪಿತ ಶ್ರೇಣಿ ಇಲ್ಲ. ಇಲ್ಲದ ಸಂಕೇತವನ್ನು ಹುಡುಕುವುದು ವ್ಯರ್ಥ.

## ಮಿತಿಗಳು

ನೇಮಕಾತಿ ವಿಧಾನಗಳ ಬಗೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ರೆಫರೆನ್ಸ್ ಪರಿಶೀಲನೆ ಮತ್ತು ಮುಂದಿನ ಕಾರ್ಯನಿರ್ವಹಣೆಯ ನಡುವಿನ ಸಹಸಂಬಂಧ 0.26 ಎಂದು ಕಂಡುಬಂದಿತ್ತು. ಪೂರ್ವನಿಗದಿತ ಪ್ರಶ್ನೆಗಳ ಸಂದರ್ಶನಕ್ಕೆ ಅದು 0.51 ಇತ್ತು. ಮಾಹಿತಿದಾರರನ್ನು ಅಭ್ಯರ್ಥಿಯೇ ಆರಿಸುವುದು, ಬಹುತೇಕ ಎಲ್ಲರೂ ಎಲ್ಲರನ್ನೂ ಹೊಗಳುವುದು ಈ ಅಂತರಕ್ಕೆ ಸಾಮಾನ್ಯವಾಗಿ ನೀಡಲಾಗುವ ಕಾರಣಗಳು. ಹೊಗಳಿಕೆಗಳೆಲ್ಲ ಒಂದೇ ಎತ್ತರದಲ್ಲಿದ್ದಾಗ ಅವು ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲಾರವು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಅಕ್ರಮವನ್ನು ಬಯಲಿಗೆಳೆದು, ಅಥವಾ ಕಿರುಕುಳದ ದೂರು ಕೊಟ್ಟು ಹೊರಬಂದ ನೌಕರರ ಬಗ್ಗೆ ಹಿಂದಿನ ಮೇಲಧಿಕಾರಿಯ ಮಾತು ಕಹಿಯಾಗಿರುವುದು ಸಹಜ. ಒಂದೇ ಕರೆಯನ್ನು ನಂಬಿ ತಿರಸ್ಕರಿಸಿದರೆ ಅನ್ಯಾಯವು ಎರಡನೆಯ ಸಂಸ್ಥೆಯಲ್ಲೂ ಮುಂದುವರಿದಂತಾಗುತ್ತದೆ, ಮತ್ತು ಅಭ್ಯರ್ಥಿಗೆ ಅದರ ಕಾರಣ ತಿಳಿಯುವುದೂ ಇಲ್ಲ. ಪ್ರತಿಕೂಲ ಮಾತು ಬಂದಾಗ ಅದರ ಸಾರವನ್ನು, ಹೇಳಿದವರ ಹೆಸರನ್ನು ಬಯಲುಮಾಡದೆ, ಅಭ್ಯರ್ಥಿಯ ಮುಂದಿಟ್ಟು ಉತ್ತರಕ್ಕೆ ಅವಕಾಶ ಕೊಡುವ ಪದ್ಧತಿಯನ್ನು ಕೆಲವು ಸಂಸ್ಥೆಗಳು ಅನುಸರಿಸುತ್ತವೆ. ಮಾಹಿತಿದಾರರು ಇಬ್ಬರೇ ಇದ್ದಾಗ ಹೆಸರು ಮುಚ್ಚಿಡುವುದು ಹೆಚ್ಚುಕಡಿಮೆ ಅಸಾಧ್ಯ. ಹಾಗಾಗಿ ಕರೆಯ ಆರಂಭದಲ್ಲೇ, ಹೇಳಿದ ಮಾತು ಎಷ್ಟರಮಟ್ಟಿಗೆ ಗೋಪ್ಯವಾಗಿರಬಲ್ಲದು ಎಂಬುದನ್ನು ಮಾಹಿತಿದಾರರಿಗೆ ಇದ್ದಂತೆಯೇ ತಿಳಿಸಬೇಕಾಗುತ್ತದೆ, ಅದರಿಂದ ಅವರು ಇನ್ನಷ್ಟು ಕಡಿಮೆ ಮಾತನಾಡುವಂತಾದರೂ.